ಅಡಿಕೆಯ ಹಣ ಊರಲ್ಲಿ ಎಷ್ಟು ಕೈ ದಾಟುತ್ತದೆ?

ಶಿರಸಿಯ ಮಾರುಕಟ್ಟೆಯಲ್ಲಿ ರಾಶಿ ಅಡಿಕೆಗೆ ಕ್ವಿಂಟಲಿಗೆ ಒಂದೆರಡು ಸಾವಿರ ಏರಿದರೆ ತೋಟವಿಲ್ಲದವರೂ ಆ ಸುದ್ದಿಗೆ ಕಿವಿಗೊಡುತ್ತಾರೆ. ಬಟ್ಟೆ ಹೊಲಿಯುವವರು, ರಿಕ್ಷಾ ಓಡಿಸುವವರು, ಸಿದ್ದಾಪುರದ ಹೋಟೆಲಿನವರು, ಯಲ್ಲಾಪುರದಲ್ಲಿ ಗಾರೆ ಕೆಲಸ ಮಾಡುವವರು, ಇವರಲ್ಲಿ ಯಾರೂ ಮಂಡಿಗೆ ಮೂಟೆ ತರುವವರಲ್ಲ. ಆದರೂ ದರ ಏರಿದ ವರ್ಷ ತಮಗೂ ಕೆಲಸ ಹೆಚ್ಚು ಎಂದು ಅವರು ಅನುಭವದಿಂದ ಬಲ್ಲರು. ಅರ್ಥಶಾಸ್ತ್ರ ಈ ಅನುಭವಕ್ಕೆ ಕೊಟ್ಟ ಹೆಸರು ಆದಾಯದ ಚಕ್ರೀಯ ಪ್ರವಾಹ. ಅದರ ತಿರುಳು ಇಷ್ಟೇ: ಒಬ್ಬರ ಖರ್ಚು ಇನ್ನೊಬ್ಬರ ಆದಾಯ.

ಇದನ್ನು ಮೊದಲು ಒಂದು ನಕ್ಷೆಯಾಗಿ ಬರೆದವರಲ್ಲಿ ಫ್ರಾನ್ಸಿನ ಅರಮನೆಯ ವೈದ್ಯ ಫ್ರಾನ್ಸ್ವಾ ಕೆನೆ ಪ್ರಮುಖ. ಬೇಸಾಯಗಾರರು, ಭೂಮಾಲೀಕರು, ಕುಶಲಕರ್ಮಿಗಳು ಈ ಮೂವರ ನಡುವೆ ವರ್ಷದ ಬೆಳೆಯ ಮೌಲ್ಯ ಹೇಗೆ ಓಡಾಡುತ್ತದೆ ಎಂದು ಆತ 1758ರಲ್ಲಿ ತೋರಿಸಿದ. ಇಂದಿನ ಪಠ್ಯಪುಸ್ತಕದ ನಕ್ಷೆಯಲ್ಲಿ ಎರಡೇ ಪಕ್ಷಗಳಿವೆ. ಒಂದು ಕಡೆ ಕುಟುಂಬಗಳು: ಅವು ದುಡಿಮೆ, ಭೂಮಿ, ಬಂಡವಾಳ ಒದಗಿಸಿ ಕೂಲಿ, ಗೇಣಿ, ಬಡ್ಡಿ, ಲಾಭ ಪಡೆಯುತ್ತವೆ. ಇನ್ನೊಂದು ಕಡೆ ಉದ್ಯಮಗಳು: ಅವು ಸರಕು ತಯಾರಿಸಿ ಅದೇ ಕುಟುಂಬಗಳಿಗೆ ಮಾರಿ, ಕೊಟ್ಟ ಹಣವನ್ನು ಮರಳಿ ಪಡೆಯುತ್ತವೆ. ಏನೂ ಹೊರಗೆ ಹೋಗದೆ, ಏನೂ ಒಳಗೆ ಬರದೆ ಇದ್ದರೆ ಈ ಸುತ್ತು ಹಾಗೇ ನಡೆಯುತ್ತಿರಬೇಕು. ಆದರೆ ಅಂಥ ಊರು ಎಲ್ಲಿಯೂ ಇಲ್ಲ. ಹೊರಗೆ ಹೋಗುವುದೆಷ್ಟು, ಒಳಗೆ ಬರುವುದೆಷ್ಟು ಎಂಬಲ್ಲಿಯೇ ಊರಿನ ಆರ್ಥಿಕ ಸ್ಥಿತಿ ನಿರ್ಧಾರವಾಗುತ್ತದೆ.

ಮಲೆನಾಡಿನ ಈ ಮೂರು ತಾಲೂಕುಗಳಲ್ಲಿ ಅದನ್ನು ಕಣ್ಣಾರೆ ನೋಡಲು ಒಂದು ಒಳ್ಳೆಯ ಸಾಧನವಿದೆ. ಅದು ಸೊಸೈಟಿಯ ಖಾತೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದಂದಿನಿಂದ ಇಲ್ಲಿನ ಬೆಳೆಗಾರರು ಅಡಿಕೆಯನ್ನು ಸಹಕಾರಿ ವ್ಯವಸ್ಥೆಯ ಮೂಲಕ ಮಾರುವ ರೂಢಿ ಬೆಳೆಸಿಕೊಂಡಿದ್ದಾರೆ. ಸದಸ್ಯನ ಖಾತೆಯ ಜಮಾ ಕಡೆಯಲ್ಲಿ ಟೆಂಡರಿನಲ್ಲಿ ಮಾರಾಟವಾದ ಚಾಲಿ, ರಾಶಿ ಅಡಿಕೆಯ ಹಣವಿರುತ್ತದೆ. ಖರ್ಚಿನ ಕಡೆಯಲ್ಲಿ ಮಳೆಗಾಲಕ್ಕೆ ಮುಂಚೆ ಒಯ್ದ ಅಕ್ಕಿ, ಬೇಳೆ, ಕೊಳೆ ಔಷಧಕ್ಕೆ ಬೇಕಾದ ಮೈಲುತುತ್ತ, ಕೊನೆ ಕೊಯ್ಲಿನ ಕೂಲಿಗೆ ತೆಗೆದ ಮುಂಗಡ, ಸಾಲದ ಕಂತು, ಬಡ್ಡಿ ಇರುತ್ತವೆ. ಮಳೆ ಶುರುವಾಗುವುದಕ್ಕೂ ಹೊಸ ಅಡಿಕೆ ಮಂಡಿಗೆ ಬರುವುದಕ್ಕೂ ನಡುವಿನ ತಿಂಗಳುಗಳಲ್ಲಿ ತೋಟದಿಂದ ಹಣ ಬಾರದು, ಖರ್ಚು ಮಾತ್ರ ನಿಲ್ಲದು. ಆ ಅಂತರವನ್ನು ಖಾತೆಯ ಸಾಲವೇ ತುಂಬುತ್ತದೆ. ಚಕ್ರೀಯ ಪ್ರವಾಹದ ಎರಡೂ ದಿಕ್ಕು ಒಂದೇ ಪುಟದಲ್ಲಿ ಸಿಗುವುದು ಹೀಗೆ.

ಈಗ ಖರ್ಚಿನ ಕಡೆಯನ್ನು ಒಂದೊಂದಾಗಿ ನೋಡೋಣ. ಹಣ ಸುತ್ತಿನಿಂದ ಹೊರಬೀಳುವ ದಾರಿಗಳನ್ನು ಸೋರಿಕೆ ಎನ್ನುತ್ತಾರೆ. ಅವು ಮೂರು: ಉಳಿತಾಯ, ತೆರಿಗೆ, ಆಮದು. ದೇಶದ ಲೆಕ್ಕದಲ್ಲಿ ಆಮದು ಎಂದರೆ ವಿದೇಶದ ಸರಕು. ತಾಲೂಕಿನ ಲೆಕ್ಕದಲ್ಲಿ ಘಟ್ಟದ ಕೆಳಗಿನಿಂದಲೋ ಬಯಲುಸೀಮೆಯಿಂದಲೋ ಬಂದದ್ದೂ ಆಮದೇ. ಅಕ್ಕಿ, ಎಣ್ಣೆ, ಪೆಟ್ರೋಲು, ಸಿಮೆಂಟು, ಮೊಬೈಲು, ಮೈಲುತುತ್ತ, ಬೆಂಗಳೂರಿನಲ್ಲಿ ಓದುವ ಮಕ್ಕಳ ಶುಲ್ಕ ಎಲ್ಲವೂ ಈ ಸಾಲಿಗೇ ಸೇರುತ್ತವೆ. ಸಣ್ಣ ಪ್ರದೇಶದಲ್ಲಿ ಆಮದೇ ಅತಿ ದೊಡ್ಡ ಸೋರಿಕೆ, ಏಕೆಂದರೆ ಪ್ರದೇಶ ಸಣ್ಣದಾದಷ್ಟೂ ಅದು ತನ್ನ ಬಳಕೆಯ ಸರಕನ್ನು ತಾನೇ ತಯಾರಿಸುವುದು ಕಡಿಮೆ.

ಇಲ್ಲಿ ಒಂದು ಸಾಮಾನ್ಯ ತಪ್ಪನ್ನು ತಪ್ಪಿಸಬೇಕು. ವಹಿವಾಟು ಬೇರೆ, ಆದಾಯ ಬೇರೆ. ಕಿರಾಣಿ ಅಂಗಡಿಯಲ್ಲಿ ಸಾವಿರ ರೂಪಾಯಿ ಕೊಟ್ಟರೆ ಊರಿಗೆ ಸಾವಿರ ರೂಪಾಯಿ ಆದಾಯವಾದಂತಲ್ಲ. ಅದರಲ್ಲಿ 850 ರೂಪಾಯಿ ಸರಕು ಬಂದ ಊರಿಗೆ ಮರಳಿ ಹೋಯಿತು ಎಂದು ಇಟ್ಟುಕೊಳ್ಳಿ. ಇಲ್ಲಿ ಉಳಿಯುವುದು ಅಂಗಡಿಯವರ ಲಾಭ, ಕೆಲಸದವರ ಸಂಬಳ, ಮಳಿಗೆಯ ಬಾಡಿಗೆ ಸೇರಿ 150 ರೂಪಾಯಿ. ಅದೇ ಸಾವಿರವನ್ನು ಕೊನೆಗೌಡನಿಗೆ ಕೂಲಿಯಾಗಿ ಕೊಟ್ಟರೆ ಪೂರ್ತಿ ಸಾವಿರವೂ ಊರಿನ ಒಂದು ಕುಟುಂಬದ ಆದಾಯವಾಗುತ್ತದೆ. ಅವನೂ ಅಂಗಡಿಗೆ ಹೋಗುತ್ತಾನೆ, ಆಗ ಸೋರಿಕೆ ಆಗಿಯೇ ಆಗುತ್ತದೆ. ಆದರೆ ಅಷ್ಟರಲ್ಲಿ ಹಣ ಒಂದು ಇಡೀ ಸುತ್ತು ಹೆಚ್ಚು ಬಂದಿರುತ್ತದೆ. ಅಡಿಕೆ ಸುಲಿಯುವ ಹೆಂಗಸರ ಕೂಲಿಗೂ, ನೆರೆಯವರ ಹಾಲಿಗೂ, ಪಕ್ಕದೂರಿನ ಆಲೆಮನೆಯ ಜೋನಿಬೆಲ್ಲಕ್ಕೂ ಇದೇ ಮಾತು.

ಸೋರಿದ್ದನ್ನು ತುಂಬುವ ಒಳಹರಿವೂ ಮೂರು: ಹೂಡಿಕೆ, ಸರ್ಕಾರದ ಖರ್ಚು, ರಫ್ತು. ಇಲ್ಲಿ ರಫ್ತು ಎಂದರೆ ಮುಖ್ಯವಾಗಿ ಅಡಿಕೆ. ಅದನ್ನು ತಿನ್ನುವವರು ಬಹುಪಾಲು ಉತ್ತರ ಭಾರತದವರು, ಹಾಗಾಗಿ ಟೆಂಡರಿನಲ್ಲಿ ಬರುವ ಹಣ ಹೊರಗಿನ ಹಣ. ಶಿಕ್ಷಕರ ಸಂಬಳ, ಪಿಂಚಣಿ, 2023ರಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ರೂಪಾಯಿ, ಇವು ಸರ್ಕಾರದ ಕಡೆಯಿಂದ ಬರುವವು. ಬೆಂಗಳೂರಿನಿಂದ ಮಗನೋ ಮಗಳೋ ಕಳಿಸುವ ಹಣವೂ ಒಳಹರಿವೇ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಕಂತು ಕಟ್ಟಿದ ದಿನ ಹಣ ಹೊರಹೋಗುತ್ತದೆ, ಪರಿಹಾರ ಜಮೆಯಾದ ದಿನ ಒಳಬರುತ್ತದೆ.

ಈ ತತ್ತ್ವದ ನಿಜವಾದ ಆಳ ಇರುವುದು ಮುಂದಿನ ಪ್ರಶ್ನೆಯಲ್ಲಿ. ಒಳಹರಿವು ಮತ್ತು ಸೋರಿಕೆ ಸಮವಾಗುವುದು ಹೇಗೆ? ಒಳಗೆ ತರುವವರು ಬೇರೆ, ಹೊರಗೆ ಬಿಡುವವರು ಬೇರೆ, ಅವರು ಕೂತು ಮಾತಾಡಿಕೊಂಡದ್ದೂ ಇಲ್ಲ. ಉತ್ತರ: ಊರಿನ ಆದಾಯವೇ ಏರಿ ಅಥವಾ ಇಳಿದು ಅವೆರಡನ್ನೂ ಸಮಕ್ಕೆ ತರುತ್ತದೆ.

ಒಂದು ಕಲ್ಪಿತ ಲೆಕ್ಕದಿಂದ ಇದು ಸ್ಪಷ್ಟವಾದೀತು. ಒಂದು ವರ್ಷ ಹೊರಗಿನಿಂದ 100 ಕೋಟಿ ರೂಪಾಯಿ ಬೆಳೆಗಾರರ ಆದಾಯವಾಗಿ ಬಂತು ಎನ್ನೋಣ. ಯಾರ ಕೈಗೆ ಬಂದ ಆದಾಯದಲ್ಲಾದರೂ ನೂರಕ್ಕೆ 60 ಸೋರಿ, 40 ಮಾತ್ರ ಊರಿನವರ ಆದಾಯವಾಗಿ ಮುಂದೆ ಸಾಗುತ್ತದೆ ಎನ್ನೋಣ. ಮೊದಲ ಸುತ್ತಿನಲ್ಲಿ 100, ಎರಡನೆಯದರಲ್ಲಿ 40, ಮೂರನೆಯದರಲ್ಲಿ 16, ಆಮೇಲೆ 6.4, ಹೀಗೆ ಕರಗುತ್ತಾ ಹೋಗುವ ಸುತ್ತುಗಳನ್ನೆಲ್ಲ ಕೂಡಿದರೆ ಸುಮಾರು 167 ಕೋಟಿ. ಅದರ ನೂರಕ್ಕೆ 60 ಎಷ್ಟು? ಸರಿಯಾಗಿ 100 ಕೋಟಿ. ಬಂದಷ್ಟೇ ಹೋಯಿತು, ಆದರೆ ಹೋಗುವ ಮುಂಚೆ 167 ಕೋಟಿಯಷ್ಟು ಆದಾಯ ಹುಟ್ಟಿಸಿ ಹೋಯಿತು. ಇದಕ್ಕೇ ಗುಣಕ ಎನ್ನುತ್ತಾರೆ.

ಈಗ ಅಡಿಕೆ ದರ ಬಿದ್ದು 100 ಇದ್ದದ್ದು 80 ಆಯಿತು ಎನ್ನಿ. ಒಟ್ಟು ಆದಾಯ ಸುಮಾರು 133ಕ್ಕೆ ಇಳಿಯುತ್ತದೆ. ಬೆಳೆಗಾರರು ಕಳೆದುಕೊಂಡದ್ದು 20, ಊರು ಕಳೆದುಕೊಂಡದ್ದು 33. ಮಿಕ್ಕ 13 ಕೋಟಿಯ ನಷ್ಟ ಒಂದು ಅಡಿಕೆ ಮರವೂ ಇಲ್ಲದವರದು. 2000ದ ನಂತರದ ವರ್ಷಗಳಲ್ಲಿ ದರ ಕುಸಿದಾಗ ಪೇಟೆಯೂ ಬಾಡಿದ್ದರ ಹಿಂದೆ ಈ ನಡೆಯಿದೆ.

ವಾಸ್ತವದಲ್ಲಿ ಪೆಟ್ಟು ಈ ಲೆಕ್ಕಕ್ಕಿಂತ ಜೋರಾಗಿಯೇ ಬೀಳಬಹುದು. ಕೈ ಬಿಗಿಯಾದಾಗ ಕುಟುಂಬ ಮೊದಲು ಏನನ್ನು ನಿಲ್ಲಿಸುತ್ತದೆ ನೋಡಿ. ಅಕ್ಕಿ, ಔಷಧಿ, ಪೆಟ್ರೋಲು, ಮಕ್ಕಳ ಶುಲ್ಕ ನಿಲ್ಲಿಸಲಾಗದು. ಮುಂದಕ್ಕೆ ಹಾಕಬಹುದಾದದ್ದು ಮನೆ ರಿಪೇರಿ, ತೋಟಕ್ಕೆ ಮಣ್ಣು ಹಾಕಿಸುವುದು, ಅಗಳ ತೋಡಿಸುವುದು. ಅಂದರೆ ಉಳಿಯುವ ಖರ್ಚು ಸೋರುವಂಥದ್ದು, ನಿಲ್ಲುವ ಖರ್ಚು ಊರಿನ ಕೂಲಿ. ಮನೆಮನೆಯ ವಿವೇಕವೂ ಒಟ್ಟುಗೂಡಿದಾಗ ಕಷ್ಟವನ್ನು ಹೆಚ್ಚಿಸಬಹುದು. 1936ರಲ್ಲಿ ಕೇನ್ಸ್ ದೇಶಗಳ ಮಟ್ಟದಲ್ಲಿ ವಾದಿಸಿದ ಈ ಮಾತು ಹಳ್ಳಿಯ ಅಂಗಳದಲ್ಲೂ ನಿಜ.

ಹಾಗಾದರೆ ಉಳಿತಾಯ ಕೆಟ್ಟದ್ದೇ? ಅಲ್ಲ. ಕೂಡಿಟ್ಟ ಹಣ ಮುಂದೆ ಎಲ್ಲಿ ಸಾಲವಾಗಿ ಹೊರಡುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಸೊಸೈಟಿಯಲ್ಲಿಟ್ಟ ಠೇವಣಿಯಿಂದ ಅದೇ ತಾಲೂಕಿನ ಇನ್ನೊಬ್ಬ ಸದಸ್ಯ ಸಾಲ ಪಡೆದು ಅಡಿಕೆ ಒಣಗಿಸುವ ಅಂಗಳ ಕಟ್ಟಿಸಿದರೆ, ಗಾರೆಯವನ ಕೂಲಿಯಾಗಿ ಆ ಹಣ ಸುತ್ತಿಗೆ ಮರಳುತ್ತದೆ. ಶಾಖೆಯಲ್ಲಿ ಸೇರಿದ ಠೇವಣಿ ದೂರದ ನಗರದ ವಸತಿ ಯೋಜನೆಗೆ ಸಾಲವಾಗಿ ಹೋದರೆ, ಅದು ಠೇವಣಿದಾರನ ಪಾಲಿಗೆ ಭದ್ರ, ಊರಿನ ಪಾಲಿಗೆ ಸೋರಿಕೆ. ಇದನ್ನು ತಿಳಿಯಲು ಒಂದು ಅಳತೆ ಇದೆ: ನೂರು ರೂಪಾಯಿ ಠೇವಣಿಗೆ ಅದೇ ಪ್ರದೇಶದಲ್ಲಿ ಎಷ್ಟು ಸಾಲ ಕೊಟ್ಟಿದ್ದಾರೆ ಎಂಬ ಪ್ರಮಾಣ. ಸದಸ್ಯರಿಂದ ಪಡೆದದ್ದನ್ನು ಸದಸ್ಯರಿಗೇ ಕೊಡುವ ಸಹಕಾರಿ ಸಂಘದ ಆರ್ಥಿಕ ಮಹತ್ವ ಇಲ್ಲಿದೆ. ಆದರೆ ಅದಕ್ಕೊಂದು ಮಿತಿಯೂ ಇದೆ. ಸಾಲ ಪಡೆದವರೆಲ್ಲ ಒಂದೇ ಬೆಳೆಯನ್ನು ನಂಬಿದ್ದರೆ ದರ ಕುಸಿದ ವರ್ಷ ಎಲ್ಲರ ಕಂತೂ ಒಟ್ಟಿಗೇ ತಪ್ಪುತ್ತದೆ.

ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆ ಜಾತ್ರೆಯನ್ನು ಇದೇ ಕಣ್ಣಿನಿಂದ ನೋಡಬಹುದು. ಪರಊರಿನ ಭಕ್ತರು ಮಾಡುವ ಖರ್ಚು ಒಳಹರಿವು. ಆದರೆ ಆಟದ ತೊಟ್ಟಿಲು, ನಾಟಕ ಕಂಪನಿ, ಬಳೆ, ಪಾತ್ರೆ, ಮಿಠಾಯಿ ಅಂಗಡಿಗಳಲ್ಲಿ ಹಲವು ಹೊರಗಿನಿಂದ ಬಂದಂಥವು. ಊರಿನವರು ಅಲ್ಲಿ ಕೊಟ್ಟ ಹಣ ಜಾತ್ರೆ ಮುಗಿದ ಮೇಲೆ ಗಾಡಿ ಹತ್ತಿ ಹೋಗುತ್ತದೆ. ಜನ ಎಷ್ಟು ಸೇರಿದರು ಎಂಬ ಎಣಿಕೆಯಿಂದ ಊರಿಗೆ ಆದ ಆದಾಯ ತಿಳಿಯದು. ಸ್ಥಳದ ಬಾಡಿಗೆ, ವಸತಿ, ಊಟ, ಸ್ಥಳೀಯರಿಗೆ ಸಿಕ್ಕ ಕೂಲಿ ಇವನ್ನು ಬೇರೆಯಾಗಿ ಲೆಕ್ಕ ಹಾಕಬೇಕು.

ಈ ನಕ್ಷೆ ಕಾಣದ ಸಂಗತಿಗಳೂ ಇವೆ. ಇಲ್ಲಿನ ತೋಟದ ಮನೆ ಕುಟುಂಬವೂ ಹೌದು, ಉದ್ಯಮವೂ ಹೌದು. ಮನೆಯವರೇ ರಾತ್ರಿ ಕೂತು ಸುಲಿದ ಅಡಿಕೆಗೆ, ಸೊಪ್ಪಿನ ಬೆಟ್ಟದಿಂದ ತಂದ ದರಕಿಗೆ, ಕೊಟ್ಟಿಗೆಯ ಗೊಬ್ಬರಕ್ಕೆ ಯಾರೂ ಹಣ ಕೊಡುವುದಿಲ್ಲ, ಹಾಗಾಗಿ ಹಣದ ಪ್ರವಾಹದಲ್ಲಿ ಅವು ಕಾಣುವುದಿಲ್ಲ. ಬೆಟ್ಟ ಬೋಳಾಗಿ ಗೊಬ್ಬರವನ್ನು ಹೊರಗಿನಿಂದ ಕೊಳ್ಳುವ ದಿನ ಬಂದರೆ ವಹಿವಾಟು ಹೆಚ್ಚಿದಂತೆ ಕಾಣುತ್ತದೆ. ನಿಜದಲ್ಲಿ ಹೊಸದೊಂದು ಸೋರಿಕೆ ತೆರೆದಿರುತ್ತದೆ.

ಸೋರಿಕೆ ಎಂಬುದನ್ನೇ ಶತ್ರುವಾಗಿ ಕಾಣುವುದೂ ತಪ್ಪು. ಉತ್ತರ ಭಾರತದವರು ಅಡಿಕೆ ಕೊಳ್ಳುವಾಗ ಅವರ ಊರಿನ ಲೆಕ್ಕದಲ್ಲಿ ಅದೂ ಸೋರಿಕೆಯೇ. ಅವರು ನಿಲ್ಲಿಸಿದರೆ ನಮ್ಮ ಒಳಹರಿವು ನಿಲ್ಲುತ್ತದೆ. ಎಲ್ಲ ಊರೂ ಬಾಗಿಲು ಹಾಕಿಕೊಂಡರೆ ಎಲ್ಲರೂ ಬಡವರಾಗುತ್ತೇವೆ. ಇಲ್ಲೇ ಮಾಡಬಹುದಾದ ಕೆಲಸಕ್ಕೆ ಹಣ ಅನಗತ್ಯವಾಗಿ ಹೊರಗೆ ಹೋಗುತ್ತಿದೆಯೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಮೇಲಿನ ಲೆಕ್ಕದಲ್ಲಿ ಊರಲ್ಲಿ ಉಳಿಯುವ ಪಾಲು ನೂರಕ್ಕೆ 40ರ ಬದಲು 50 ಆದರೆ, ಅದೇ 100 ಕೋಟಿ 167ರ ಬದಲು 200 ಕೋಟಿಯ ಆದಾಯ ಹುಟ್ಟಿಸುತ್ತದೆ. ದರ ಬಿದ್ದು 80 ಮಾತ್ರ ಬಂದ ವರ್ಷವೂ ಒಟ್ಟು 160 ಉಳಿಯುತ್ತದೆ. ಅಡಿಕೆಯ ದರ ಮಲೆನಾಡಿನ ಕೈಯಲ್ಲಿಲ್ಲ. ಯಂತ್ರದ ರಿಪೇರಿ ಕಲಿತ ಹುಡುಗ ಊರಲ್ಲೇ ಇರುವಂತೆ, ಠೇವಣಿ ಊರಲ್ಲೇ ಸಾಲವಾಗುವಂತೆ, ಹಾಲು, ಬೆಲ್ಲ, ತರಕಾರಿ ಹತ್ತಿರದಿಂದ ಸಿಗುವಂತೆ ಮಾಡುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ, ಮತ್ತು ದರ ಕುಸಿದ ವರ್ಷದಲ್ಲಿ ತೋಟವಿಲ್ಲದವರ ಮನೆಯನ್ನು ಕಾಯುವುದು ಅದೇ.