ಭರಣಿ ಹುಟ್ಟುವ ದಿನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿಗೆ ಪಂಚಾಂಗ ಬೇಕಿಲ್ಲ. ಮರ ತಿಂಗಳಿಗೊಂದರಂತೆ ಹೊಂಬಾಳೆ ಬಿಡುತ್ತಲೇ ಇರುತ್ತದೆ. ಕೆಡವಿದ ಕಾಯಿ ಅಟ್ಟ ಸೇರಿ, ತಿಂಗಳುಗಟ್ಟಲೆ ಅಲ್ಲೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಪಂಚಾಂಗ ಬೇಕಾಗುವುದು ತೋಟದಾಚೆಯ ಹೊಲಕ್ಕೆ. ಹೆಸರು, ಅಲಸಂದೆ ಬಿತ್ತುವವರು ಏಪ್ರಿಲ್ ಬಂತೆಂದರೆ ಕೇಳುವುದು ತಾರೀಕನ್ನಲ್ಲ, ಯಾವ ಮಳೆ ನಡೆಯುತ್ತಿದೆ ಎಂದು. ಅಶ್ವಿನಿ ಮುಗಿದು ಭರಣಿ ಹುಟ್ಟಿತೇ? ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ.

ಈ ಮಳೆ ನಕ್ಷತ್ರ ಚಂದ್ರನ ನಿತ್ಯ ನಕ್ಷತ್ರವಲ್ಲ, ಸೂರ್ಯನದು. ಸೂರ್ಯ ಆಕಾಶದಲ್ಲಿ ಸಾಗುವ ದಾರಿಯನ್ನು 27 ಪಾಲು ಮಾಡಿ ಒಂದೊಂದಕ್ಕೆ ಒಂದು ನಕ್ಷತ್ರದ ಹೆಸರಿಟ್ಟಿದ್ದಾರೆ. ಒಂದು ಪಾಲು ದಾಟಲು ಸೂರ್ಯನಿಗೆ ಹದಿಮೂರು ಹದಿನಾಲ್ಕು ದಿನ ಬೇಕು. ಈಗಿನ ಲೆಕ್ಕದಲ್ಲಿ ಭರಣಿ ಹುಟ್ಟುವುದು ಏಪ್ರಿಲ್ 27ರ ಆಸುಪಾಸಿನಲ್ಲಿ, ಕೃತ್ತಿಕೆ ಮೇ 11ರ ಆಸುಪಾಸಿನಲ್ಲಿ.

ಭರಣಿಗೆ ಎರಡು ಮೂರು ದಿನ ಮುಂಚೆ ಇಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಅದನ್ನು ಯಾವ ಕ್ಯಾಲೆಂಡರಿನಲ್ಲೂ ಗುರುತು ಹಾಕಿರುವುದಿಲ್ಲ. ಏಪ್ರಿಲ್ 25ರ ಸುಮಾರಿಗೆ, ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತೆರಡು ನಿಮಿಷದ ಹೊತ್ತಿಗೆ, ಸೂರ್ಯ ತಿಪಟೂರಿನ ನೆತ್ತಿಯ ಮೇಲೆ ಬರುತ್ತಾನೆ. ತೂಕದ ಗುಂಡು ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿದ ಒಂದು ಗಳುವಿಗೆ ಆ ಕ್ಷಣ ಸುತ್ತ ಎಲ್ಲೂ ನೆರಳಿರುವುದಿಲ್ಲ. (ತೆಂಗಿನ ಮರವನ್ನೇ ಗಳುವೆಂದುಕೊಳ್ಳಬೇಡಿ, ನೆಟ್ಟಗಿರುವ ತೆಂಗು ಸಿಗುವುದು ಕಷ್ಟ.) ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ಇದರಲ್ಲಿ ಹೆಚ್ಚೆಂದರೆ ಒಂದು ದಿನದ ವ್ಯತ್ಯಾಸ. ಆಗಸ್ಟ್ 18ರ ಹೊತ್ತಿಗೆ ಸೂರ್ಯ ಮತ್ತೊಮ್ಮೆ ನೆತ್ತಿಗೆ ಬರುತ್ತಾನಾದರೂ ಆಗ ಮೋಡ ಬಿಟ್ಟುಕೊಡುವುದು ಅಪರೂಪ.

ನೆತ್ತಿಯ ಸೂರ್ಯನೂ ಭರಣಿಯೂ ಇಷ್ಟು ಹತ್ತಿರ ಬಂದಿರುವುದು ಕಾಯಂ ಏರ್ಪಾಡಲ್ಲ. ಎರಡರ ನಡಿಗೆಯೂ ಬೇರೆ ಬೇರೆ. ನೆರಳು ಮಾಯವಾದ ಏಪ್ರಿಲಿನ ಮಧ್ಯಾಹ್ನದಿಂದ ಮುಂದಿನ ವರ್ಷ ಸೂರ್ಯ ಅದೇ ಜಾಗಕ್ಕೆ ಮರಳಲು ಹಿಡಿಯುವ ಕಾಲ 365 ದಿನ, 5 ಗಂಟೆ, ಸುಮಾರು 49 ನಿಮಿಷ. ಋತುಗಳ ವರ್ಷ ಇದೇ. ಪಂಚಾಂಗದವರು ಸಾಯನ ಎನ್ನುತ್ತಾರೆ. ಅದೇ ಸೂರ್ಯ ಒಂದು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಬರಲು 365 ದಿನ, 6 ಗಂಟೆ, 9 ನಿಮಿಷ ಬೇಕು. ಇದು ನಿರಯನ ವರ್ಷ, ನಮ್ಮ ಮಳೆ ನಕ್ಷತ್ರಗಳಿಗೂ ಸಂಕ್ರಾಂತಿಗೂ ಆಧಾರ. ನಡುವೆ ಉಳಿಯುವುದು ಇಪ್ಪತ್ತು ನಿಮಿಷ. ಭೂಮಿಯ ಅಕ್ಷ ಬುಗುರಿಯ ತಲೆಯಂತೆ ನಿಧಾನವಾಗಿ ತೂಗುವುದರಿಂದ ಈ ಅಂತರ ಹುಟ್ಟುತ್ತದೆ. ಒಂದು ಸುತ್ತು ತೂಗಲು ಸುಮಾರು 26,000 ವರ್ಷ.

ವರ್ಷಕ್ಕೆ ಇಪ್ಪತ್ತು ನಿಮಿಷವೆಂದರೆ ಎಪ್ಪತ್ತು ವರ್ಷಕ್ಕೆ ಒಂದು ದಿನ. 1863ರಲ್ಲಿ ಮಕರ ಸಂಕ್ರಾಂತಿ ಬಿದ್ದದ್ದು ಜನವರಿ 12ಕ್ಕೆ, ವಿವೇಕಾನಂದರು ಹುಟ್ಟಿದ ದಿನ. ಈಗ ಅದು ಜನವರಿ 14ಕ್ಕೆ, ಕೆಲವು ವರ್ಷ 15ಕ್ಕೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21, 22ರಲ್ಲೇ. ಹತ್ತು ಅಡಿಯ ಗಳುವನ್ನು ತಿಪಟೂರಿನಲ್ಲಿ ನಿಲ್ಲಿಸಿ ಅಳೆದರೆ ಆ ದಿನ ನಡುಹಗಲಿನ ನೆರಳು ಏಳೂವರೆ ಅಡಿಗೆ ಕೊಂಚ ಕಡಿಮೆ. ಎಳ್ಳು ಬೀರುವ ದಿನಕ್ಕಾಗಲೇ ಅದು ಅರ್ಧ ಅಡಿಯಷ್ಟು ಕುಗ್ಗಿರುತ್ತದೆ.

ಸಾವಿರ ವರ್ಷಕ್ಕೆ ಈ ಇಪ್ಪತ್ತು ನಿಮಿಷ ಏನಾಗುತ್ತದೆ ಎಂಬುದಕ್ಕೆ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯೇ ಸಾಕು. ಅಲ್ಲಿಯ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು. ಒಳಗಿನ ಚಾವಣಿಯಲ್ಲಿ ಕುಣಿಯುವ ಶಿವನ ಸುತ್ತ ಎಂಟು ದಿಕ್ಪಾಲಕರಿದ್ದಾರೆ. ಇಂದಿನ ದೃಗ್ಗಣಿತವನ್ನೇ ಹಿಡಿದು ಆ ಶತಮಾನದ ಕೊನೆಗೆ ಹೋಗೋಣ. ಗುಡಿಯ ಮೇಲೆ ಸೂರ್ಯ ನೆತ್ತಿಗೆ ಬರುತ್ತಿದ್ದ ದಿನ ಇಂದಿನದೇ, ಏಕೆಂದರೆ ಅದು ಋತುವಿಗೆ ಕಟ್ಟಿದ್ದು. ಆದರೆ ಅಂದು ಹುಟ್ಟುತ್ತಿದ್ದ ಮಳೆ ಭರಣಿಯಲ್ಲ, ಕೃತ್ತಿಕೆ. ಭರಣಿ ಅದಕ್ಕೂ ಹದಿನಾಲ್ಕು ದಿನ ಮೊದಲೇ ಹುಟ್ಟಿ, ಆ ಹೊತ್ತಿಗೆ ತನ್ನ ಪಾಳಿ ಮುಗಿಸಿರುತ್ತಿತ್ತು. ಬಿಸಿಲು, ಗಾಳಿ, ಗುಡುಗಿನ ಕಾಲ ಅದೇ. ಅದರ ಮೇಲಿನ ಹೆಸರು ಮಾತ್ರ ಹೆಚ್ಚುಕಡಿಮೆ ಒಂದು ನಕ್ಷತ್ರ ಜಾರಿದೆ.

ಇದನ್ನು ಹೊಲದಲ್ಲಿ ನಿಂತವರು ಯಾರೂ ಕಂಡುಹಿಡಿಯಲಾರರು. ಮೂವತ್ತು ವರ್ಷ ಬಿತ್ತನೆ ಮಾಡಿದವನ ಪಾಲಿಗೆ ಬರುವುದು ಅರ್ಧ ದಿನದ ಸರಿತ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಾದರೋ ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇಲ್ಲ. ಹತ್ತು ಹದಿನೈದು ದಿನ ಹಿಂದೆಮುಂದೆ ಆಗುವುದು ಮಾಮೂಲು. ಅಷ್ಟು ಏರುಪೇರಿನೊಳಗೆ ಅರ್ಧ ದಿನ ಕಾಣುವುದೆಲ್ಲಿ? ಈ ಸರಿತ ಗಳುವಿಗೆ ಕಾಣುತ್ತದೆ, ಮಳೆಗೆ ಕಾಣುವುದಿಲ್ಲ. ಹಾಗಾಗಿ ಗಾದೆಯನ್ನು ತಾರೀಕಿನಂತೆ ಓದುವವರ ಬಗ್ಗೆ ನನಗೆ ಅನುಮಾನವಿದೆ. ಭರಣಿಯ ಮಾತು ನಿಜವಾಗುವುದು ಭೂಮಿಗೆ ಹದ ಬಂದ ವರ್ಷ, ಪಂಚಾಂಗದ ಗಳಿಗೆಗಲ್ಲ.

ಗೋಡೆಯ ಇಂಗ್ಲಿಷ್ ಕ್ಯಾಲೆಂಡರ್ ಏಪ್ರಿಲ್ 25ನ್ನು ಬಿಡದೆ ಹಿಡಿದುಕೊಂಡದ್ದೂ ಸುಲಭವಾಗಿ ಅಲ್ಲ. ವರ್ಷಕ್ಕೆ 365 ದಿನ ಮತ್ತು ಕಾಲು ದಿನ ಎಂದು ಜೂಲಿಯಸ್ ಸೀಸರನ ಕಾಲದವರು ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರಿಸಿದರು. ಕಾಲು ದಿನವೆಂದರೆ ಪೂರ್ತಿ ಆರು ಗಂಟೆ; ಋತುಗಳ ವರ್ಷಕ್ಕೆ ಬೇಕಿದ್ದದ್ದು ಅದಕ್ಕಿಂತ ಹನ್ನೊಂದು ನಿಮಿಷ ಕಡಿಮೆ. ಆ ಹನ್ನೊಂದು ನಿಮಿಷ 128 ವರ್ಷಕ್ಕೆ ಒಂದು ದಿನವಾಯಿತು. 1582ರಲ್ಲಿ ಪೋಪ್ ಗ್ರೆಗೊರಿ ಹತ್ತು ದಿನವನ್ನು ಕ್ಯಾಲೆಂಡರಿನಿಂದ ಕಿತ್ತುಹಾಕಿ, ಇನ್ನು ಮುಂದೆ 400ರಿಂದ ಭಾಗವಾಗದ ಶತಮಾನ ವರ್ಷಗಳಲ್ಲಿ ಫೆಬ್ರವರಿ 29 ಬೇಡವೆಂದ. 1900ಕ್ಕೆ ಅದಿರಲಿಲ್ಲ, 2000ಕ್ಕೆ ಇತ್ತು. ಈ ಏರ್ಪಾಟಿನಲ್ಲೂ ಒಂದು ದಿನ ತಪ್ಪಲು ಸುಮಾರು 3,000 ವರ್ಷ ಬೇಕು.

ನಮ್ಮಲ್ಲೂ ಅಂಥ ಪ್ರಯತ್ನ ನಡೆದಿದೆ. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಯಿತು. ಅದರ ಶಿಫಾರಸಿನಂತೆ 1957ರ ಮಾರ್ಚ್ 22ರಂದು ರಾಷ್ಟ್ರೀಯ ಶಕ ಕ್ಯಾಲೆಂಡರ್ ಚೈತ್ರ 1, 1879 ಎಂದು ಶುರುವಾಯಿತು. ಅದು ಋತುವಿಗೆ ಕಟ್ಟಿದ ಲೆಕ್ಕ, ಸರಿಯಾದ ಲೆಕ್ಕ. ಆಕಾಶವಾಣಿಯಲ್ಲಿ, ಸರ್ಕಾರಿ ಗೆಜೆಟಿನಲ್ಲಿ ಅದು ಇದೆ. ತಿಪಟೂರಿನ ಸಂತೆಯಲ್ಲಿ ಇವತ್ತು ರಾಷ್ಟ್ರೀಯ ವೈಶಾಖ ಎಷ್ಟನೇ ತಾರೀಕು ಎಂದು ಕೇಳಿದರೆ ಹೇಳುವವರು ಸಿಗಲಾರರು. ಯಾವ ಮಳೆ ಎಂದು ಕೇಳಿದರೆ ಹೂವಿನಂಗಡಿಯವರೂ ಹೇಳುತ್ತಾರೆ.

ಲೆಕ್ಕ ಹೀಗೇ ನಡೆದರೆ ಇನ್ನು ಸುಮಾರು 950 ವರ್ಷಕ್ಕೆ ಭರಣಿ ಹುಟ್ಟುವುದು ಮೇ 11ರ ಹೊತ್ತಿಗೆ, ಇಂದಿನ ಕೃತ್ತಿಕೆಯ ಜಾಗದಲ್ಲಿ. ಆಗ ಸೂರ್ಯ ಇಲ್ಲಿಯ ನೆತ್ತಿ ದಾಟಿ ಎರಡು ವಾರಕ್ಕೂ ಹೆಚ್ಚಾಗಿರುತ್ತದೆ.