ಎಂಬತ್ತು ರೂಪಾಯಿಯ ವ್ಯತ್ಯಾಸ

ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯ ಸುತ್ತಿನ ಕಿರಾಣಿ ಅಂಗಡಿಗಳಲ್ಲಿ ಉದ್ರಿ ಪುಸ್ತಕ ಇನ್ನೂ ಬದುಕಿದೆ. ಹಮಾಲಿ ಮಾಡುವವರು, ಲಾರಿ ಚಾಲಕರು ತಿಂಗಳಿಡೀ ಸಾಮಾನು ಒಯ್ದು ಸಂಬಳದ ದಿನ ತೀರಿಸುತ್ತಾರೆ. ಹೋದ ವಾರ ನಮ್ಮೂರ ಕಡೆಯ ಹುಡುಗನೊಬ್ಬ ತನ್ನ ತಂದೆಯ ಅಂಗಡಿಯಿಂದ ಅಂಥ ಖಾತೆಯ ಒಂದು ಪುಟದ ಫೋಟೋ ಕಳಿಸಿದ. ಜೊತೆಗೆ ಬರೆದಿದ್ದ: ‘ಕಾಕಾ, ಇದೊಂದು ಕೂಡಿಸಿ ನೋಡ್ರಿ. ಗಿರಾಕಿ ಎಂಬತ್ತು ರೂಪಾಯಿ ಜಾಸ್ತಿ ಬರದೀರಿ ಅಂತಾನ. ನಾವು ಎಷ್ಟ ಸಲ ನೋಡಿದ್ರೂ ತಾಳೆ ಆಗವಲ್ದು.’

ಲೆಕ್ಕದಲ್ಲಿ ತಪ್ಪಿದೆ ಎಂದು ಗೊತ್ತಾದಾಗ ನಾವು ಮೊದಲು ಏನು ಮಾಡುತ್ತೇವೆ? ವ್ಯತ್ಯಾಸವೆಷ್ಟು ಎಂದು ನೋಡುತ್ತೇವೆ. ತಪ್ಪಿನ ಅಳತೆಯಲ್ಲಿ ಅದರ ಹುಟ್ಟಿನ ಗುರುತು ಇರುತ್ತದೆ ಎಂಬುದು ಹಳೆಯ ಗುಮಾಸ್ತರ ಅನುಭವ. ವ್ಯತ್ಯಾಸ ಸರಿಯಾಗಿ ಹತ್ತು, ನೂರು ಅಥವಾ ಸಾವಿರವಾಗಿದ್ದರೆ ಕೂಡಿಸುವಾಗ ದಶಕ ತಪ್ಪಿರಬಹುದು. ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಜಾಗ ಬದಲಿಸಿಕೊಂಡಿರಬಹುದು. ಎಂಬತ್ತು ಈ ಎರಡಕ್ಕೂ ಒಗ್ಗುವುದಿಲ್ಲ. ಹಾಗಾದರೆ ಗಿರಾಕಿಯೇ ತಪ್ಪಿರಬಹುದೆ? ಅಂಗಡಿಯವರಿಗೆ ಹಾಗೆನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಪುಟದ ನೆತ್ತಿಯಲ್ಲಿ ‘ಹಿಂದಿನ ಪುಟದಿಂದ 4,860’ ಎಂದಿತ್ತು. ಅದರ ಕೆಳಗೆ ಒಂಬತ್ತು ಸಾಲು: 245, 78, 310, 96, 1,125, 54, ಆಮೇಲೆ ಒಂದು ಮಸುಕು ಸಂಖ್ಯೆ, ಕೊನೆಗೆ 130 ಮತ್ತು 462. ಅಡಿಯಲ್ಲಿ ಎರಡು ಗೆರೆ ಎಳೆದು 7,947. ಮಸುಕು ಸಂಖ್ಯೆಯ ಕೊನೆಯ ಎರಡು ಅಂಕಿ 87 ಎಂಬುದು ಸ್ಪಷ್ಟವಾಗಿತ್ತು. ನೂರರ ಸ್ಥಾನದ ಮೇಲೆ ಮಾತ್ರ ಮೊಬೈಲಿನ ಫ್ಲ್ಯಾಷ್ ಬಿದ್ದು ಬೆಳ್ಳಗಾಗಿತ್ತು. ಕೆಳಗಿನ ಬಾಗು ಕಾಣುತ್ತಿತ್ತು, ಮೇಲಿನ ಅರ್ಧ ಇರಲಿಲ್ಲ. ಅವಸರದ ಕೈಬರಹದಲ್ಲಿ ಐದಕ್ಕೂ ಆರಕ್ಕೂ ಕೆಳಗಿನ ಬಾಗು ಹೆಚ್ಚುಕಡಿಮೆ ಒಂದೇ.

ಮೋಹವೊಂದು ನಮ್ಮ ಮುಂದೆ ನಿಲ್ಲುವುದು ಇಂಥಲ್ಲೇ. ಕಾಣುವ ಸಾಲುಗಳನ್ನೆಲ್ಲ ಕೂಡಿಸಿ, ಬರೆದ ಮೊತ್ತದಿಂದ ಕಳೆದರೆ ಉಳಿಯುವುದು 587. ಮಸುಕಾದ ಅಂಕಿ ಐದು ಎಂದುಕೊಂಡರೆ ಪುಟ ಒಂದು ರೂಪಾಯಿಯೂ ಹೆಚ್ಚುಕಡಿಮೆ ಇಲ್ಲದೆ ತಾಳೆಯಾಗುತ್ತದೆ. ಎಷ್ಟು ನೆಮ್ಮದಿ! ಕಣ್ಣಿಗೂ ಐದೇ ಕಾಣಿಸತೊಡಗುತ್ತದೆ. ಆದರೆ ಹಾಗೆ ಮಾಡಿದಾಗ ನಾವು ಓದಿದ್ದು ಏನನ್ನು? ಸಾಲನ್ನಲ್ಲ, ಮೊತ್ತವನ್ನು. ಯಾವ ಮೊತ್ತವನ್ನು ಪರೀಕ್ಷಿಸಬೇಕಿತ್ತೋ ಅದರಿಂದಲೇ ಸಾಕ್ಷಿಯನ್ನು ಹುಟ್ಟಿಸಿದೆವು. ಆಪಾದಿತನೇ ಸಾಕ್ಷಿಗೆ ಮಾತು ಹೇಳಿಕೊಟ್ಟ ನ್ಯಾಯಾಲಯವನ್ನು ನಾವು ನಂಬುತ್ತೇವೆಯೆ? ಅದೇ ಕಾರಣಕ್ಕೆ ಗಿರಾಕಿಯ ಮಾತನ್ನೂ ಸ್ವಲ್ಪ ಹೊತ್ತು ಬದಿಗಿಟ್ಟೆ. ಆ ಸಾಲನ್ನಷ್ಟೇ ಹತ್ತಿರದಿಂದ, ಫ್ಲ್ಯಾಷ್ ಇಲ್ಲದೆ, ಹಗಲ ಬೆಳಕಿಗೆ ಪುಸ್ತಕವನ್ನು ಓರೆಮಾಡಿ ಹಿಡಿದು ಇನ್ನೊಮ್ಮೆ ತೆಗೆದು ಕಳಿಸು ಎಂದೆ.

ಫೋಟೋಗೆ ಇಂಥ ಒಂದು ಬಡತನವಿದೆ. ಕಾಗದ ಕೈಯಲ್ಲಿದ್ದರೆ ಓರೆ ಬೆಳಕಿಗೆ ಪೆನ್ನಿನ ಒತ್ತು ಕಾಣುತ್ತದೆ. ಮೂರರ ಮೇಲೆ ಎಂಟು ತಿದ್ದಿದ್ದರೆ ಯಾವುದು ಮೊದಲಿನದು ಎಂದು ಊಹಿಸಬಹುದು. ಚಿತ್ರದಲ್ಲಿ ಅದೆಲ್ಲ ಸಪಾಟು. ಅಂಚಿನಲ್ಲಿ ಒಂದು ಸಾಲೇ ಕತ್ತರಿಸಿ ಹೋಗಿದ್ದರೂ ನಮಗೆ ತಿಳಿಯದು. ಅದಕ್ಕಾಗಿ ನಾನು ಮೊದಲು ಕೇಳುವುದು ಪುಟದ ನಾಲ್ಕು ಮೂಲೆಗಳನ್ನು. ಈ ಕಡೆಯ ಪುಸ್ತಕಗಳಲ್ಲಿ ಎರಡು ಕೈಗಳ ಬರಹ ಬೆರೆತಿರುವುದೂ ಉಂಟು: ಮರಾಠಿ ಶಾಲೆಯಲ್ಲಿ ಕಲಿತವರು ಬರೆದ ನಾಲ್ಕು, ಗೊತ್ತಿಲ್ಲದ ಕಣ್ಣಿಗೆ ಇಂಗ್ಲಿಷ್ ಎಂಟಿನಂತೆ ತೋರುತ್ತದೆ. ಈ ಪುಟದಲ್ಲಿ ಮಾತ್ರ ಎಲ್ಲವೂ ಒಂದೇ ಕೈ, ಇಂಗ್ಲಿಷ್ ಅಂಕಿ.

ಎರಡನೆಯ ಫೋಟೋ ಬಂತು. ಅಂಕಿ ಆರು; ಸಂಖ್ಯೆ 687.

ಈಗ ಕೂಡಿಸೋಣ. ಬಿಡಿಸ್ಥಾನ ಒಟ್ಟು 37. ಏಳು ಬರೆದು ಮೂರು ಕೈಯಲ್ಲಿ. ಹತ್ತರ ಸ್ಥಾನ 51, ಕೈಯಲ್ಲಿದ್ದ ಮೂರು ಸೇರಿ 54. ನಾಲ್ಕು ಬರೆದು ಐದು ಕೈಯಲ್ಲಿ. ನೂರರ ಸ್ಥಾನ 25, ಐದು ಸೇರಿ 30. ಸೊನ್ನೆ ಬರೆದು ಮೂರು. ಸಾವಿರ ಐದು, ಮೂರು ಸೇರಿ ಎಂಟು. ಮೊತ್ತ 8,047. ಕೆಳಗಿನಿಂದ ಮೇಲಕ್ಕೆ ಕೂಡಿಸಿದರೂ ಅದೇ. ದಿಕ್ಕು ಬದಲಿಸುವುದು ಸುಮ್ಮನೆ ಅಲ್ಲ: ಒಮ್ಮೆ ತಪ್ಪಿದ ನಾಲಿಗೆ ಅದೇ ದಾರಿಯಲ್ಲಿ ಹೋದರೆ ಅದೇ ಕಲ್ಲಿಗೆ ಎಡವುತ್ತದೆ.

ಪುಸ್ತಕದಲ್ಲಿದ್ದದ್ದು 7,947. ನೂರು ಕಡಿಮೆ. 54ರಲ್ಲಿ ನಾಲ್ಕನ್ನು ಬರೆದ ಕೈ, ಐದರ ಬದಲು ಅದೇ ನಾಲ್ಕನ್ನು ಮುಂದಕ್ಕೆ ಒಯ್ದಿರಬೇಕು. ನಾವು ಕೈಯಲ್ಲಿ ಎನ್ನುವುದನ್ನು ಮರಾಠಿಯವರೂ ‘ಹಾತ್ಚಾ’ ಎನ್ನುತ್ತಾರೆ. ಬರೆದದ್ದು ಕಾಗದದಲ್ಲಿ ಉಳಿಯುತ್ತದೆ. ಕೈಯಲ್ಲಿ ಹಿಡಿದದ್ದಕ್ಕೆ ನೆನಪೊಂದೇ ಆಸರೆ. ನಡುವೆ ಒಬ್ಬ ಗಿರಾಕಿ ಬಂದು ಅರ್ಧ ಕಿಲೋ ಅವಲಕ್ಕಿ ಕೇಳಿದರೆ ಸಾಕು, ಐದು ನಾಲ್ಕಾಗುತ್ತದೆ.

ಆದರೆ ಈ ತಪ್ಪು ಅಂಗಡಿಯವನಿಗೇ ನೂರು ರೂಪಾಯಿ ನಷ್ಟ ಮಾಡಿತ್ತು. ಗಿರಾಕಿ ಹೇಳಿದ್ದು ತನಗೆ ಎಂಬತ್ತು ಹೆಚ್ಚಾಗಿದೆ ಎಂದು. ಅವನು ಸುಳ್ಳನೆ? ಅಲ್ಲವಾದರೆ ಈ ಪುಟದೊಳಗೆ ಇನ್ನೊಂದು ತಪ್ಪಿರಬೇಕು, ಅದು 180 ಆಗಿರಬೇಕು, ಗಿರಾಕಿಗೆ ಪ್ರತಿಕೂಲವಾಗಿರಬೇಕು. 180 ಒಂಬತ್ತರಿಂದ ಭಾಗವಾಗುತ್ತದೆ. ಒಂಬತ್ತು ಸಾಲುಗಳನ್ನು ಬಿಟ್ಟು ನೆತ್ತಿಯ ಸಂಖ್ಯೆಗೆ ಬಂದೆ. 4,860ರ ಎಂಟು ಮತ್ತು ಆರು ಅದಲುಬದಲಾದರೆ 4,680. ಎಂಟು ಹತ್ತರ ಮನೆಯಿಂದ ನೂರರ ಮನೆಗೆ ಏರಿ, ಆರು ನೂರರಿಂದ ಹತ್ತಕ್ಕೆ ಇಳಿದರೆ, ಆ ಎರಡರ ಅಂತರವಾದ ಎರಡು ತೊಂಬತ್ತು ಪಟ್ಟಾಗುತ್ತದೆ: 180. ಆದರೂ ಇದು ಊಹೆಯಷ್ಟೆ. ಒಂಬತ್ತರಿಂದ ಭಾಗವಾಗುವ ತಪ್ಪುಗಳೆಲ್ಲ ಅದಲುಬದಲೇ ಆಗಿರಬೇಕಿಲ್ಲ; 54 ಎಂಬುದನ್ನು 540 ಎಂದು ಬರೆದರೂ 486ರ ವ್ಯತ್ಯಾಸ ಬಂದು ಅದೂ ಭಾಗವಾಗುತ್ತದೆ. ನಿಯಮ ಎಲ್ಲಿ ಹುಡುಕಬೇಕೆಂದು ಹೇಳೀತು, ಏನು ಸಿಕ್ಕಿತೆಂದು ಹೇಳಲಾರದು. ಹಿಂದಿನ ಪುಟದ ಅಡಿಯನ್ನು ಕಳಿಸು ಎಂದೆ. ಅಲ್ಲಿ 4,680 ಎಂದೇ ಇತ್ತು.

ಹೀಗೆ ನಿಜವಾದ ಬಾಕಿ 7,867. ಗಿರಾಕಿಯ ಎಂಬತ್ತು ನಿಜ. ಒಂದು ತಪ್ಪು 180 ಏರಿಸಿತು, ಇನ್ನೊಂದು ನೂರು ಇಳಿಸಿತು. ಎರಡೂ ಬೆರೆತು ಎರಡರ ಗುರುತನ್ನೂ ಅಳಿಸಿದವು. ಬೇರೆಬೇರೆಯಾಗಿ ಸಿಕ್ಕಿದ್ದರೆ ಎರಡೂ ತಮ್ಮ ಹೆಸರು ಹೇಳಿಬಿಡುತ್ತಿದ್ದವು. ಅಕಸ್ಮಾತ್ ಎರಡೂ ಸರಿಸಮವಾಗಿದ್ದರೆ? ಮೊತ್ತ ಸರಿಯಾಗಿಯೇ ಇರುತ್ತಿತ್ತು, ಯಾರೂ ಪುಟವನ್ನು ತಿರುಗಿ ನೋಡುತ್ತಿರಲಿಲ್ಲ. ಬರೆಯದೇ ಬಿಟ್ಟ ಸಾಮಾನನ್ನಂತೂ ಯಾವ ಕೂಡಿಕೆಯೂ ಹಿಡಿಯಲಾರದು. ನಾವು ‘ತಾಳೆಯಾಯಿತು’ ಎಂದು ಹಗುರಾಗುವ ಕ್ಷಣದಲ್ಲಿ ನಿಜವಾಗಿ ತಿಳಿದದ್ದು ಎಷ್ಟು ಕಡಿಮೆ!

‘ಈಗ ಇದನ್ನ ಅಳಿಸಿ ಬರೀಲೇನ್ರಿ ಕಾಕಾ?’ ಎಂದು ಹುಡುಗ ಕೇಳಿದ. ನಮ್ಮ ಹಿರಿಯರು ಕಡತದಲ್ಲಿ, ಮಸಿ ಬಳಿದ ಕರಿ ಬಟ್ಟೆಯ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಉದ್ರಿ ಪುಸ್ತಕಕ್ಕೆ ಅದು ಸಲ್ಲದು. ಇಬ್ಬರ ನಡುವಿನ ಮಾತು ಅದು. ಹಳೆಯ ಅಂಕಿ ಓದುವಂತಿರಬೇಕು, ಅದರ ಮೇಲೊಂದು ಗೆರೆ, ಪಕ್ಕದಲ್ಲಿ ಹೊಸದು, ಗಿರಾಕಿಯ ಎದುರಿಗೇ. ಹಾಗೆ ಮಾಡು ಎಂದೆ.

ಸ್ವಲ್ಪ ಹೊತ್ತಿಗೆ ತಿದ್ದಿದ ಪುಟದ ಫೋಟೋ ಬಂತು. ಅದರ ಹಿಂದೆಯೇ ಇನ್ನೊಂದು. ಅದು ಮುಂದಿನ ಪುಟ, ಅರ್ಧ ತುಂಬಿತ್ತು. ನೆತ್ತಿಯಲ್ಲಿ ‘ಹಿಂದಿನ ಪುಟದಿಂದ 7,947’ ಎಂದಿತ್ತು.