ಎತ್ತಿಗೆ ಹೊಡೆದವನು ಯಾರು?

‘ಅಜ್ಜ ಎತ್ತಿಗೆ ಹೊಡೆದ ಹುಡುಗನನ್ನು ಬೈದ.’

ನಮ್ಮ ಹಿರೇಬೆಂಡಿಗೇರಿಯ ಯಾವ ಹೊಲದಲ್ಲಾದರೂ ನಡೆಯಬಹುದಾದ ಸಂಗತಿ ಇದು. ವಾಕ್ಯದಲ್ಲಿ ಕಠಿಣ ಶಬ್ದ ಒಂದೂ ಇಲ್ಲ. ಆದರೂ ಮೊದಲ ಸಲ ಓದುವಾಗ ‘ಹುಡುಗನನ್ನು’ ಎಂಬಲ್ಲಿ ಮನಸ್ಸು ಎಡವುತ್ತದೆ. ಅಲ್ಲಿಯತನಕ ಎತ್ತಿಗೆ ಹೊಡೆದವನು ಅಜ್ಜ. ಆ ಶಬ್ದ ಬಂದದ್ದೇ ತಡ, ಹೊಡೆತ ಹುಡುಗನ ಲೆಕ್ಕಕ್ಕೆ ಹೋಗುತ್ತದೆ, ಅಜ್ಜನಿಗೆ ಬೈಗುಳವಷ್ಟೇ ಉಳಿಯುತ್ತದೆ.

ಇಂಥ ದಾರಿತಪ್ಪಿಸುವ ವಾಕ್ಯಗಳ ಚರ್ಚೆಗೆ ನಾಂದಿ ಹಾಡಿದ್ದು 1970ರಲ್ಲಿ ಥಾಮಸ್ ಬೆವರ್ ಕೊಟ್ಟ ಒಂದು ಇಂಗ್ಲಿಷ್ ಉದಾಹರಣೆ. 1982ರಲ್ಲಿ ಲಿನ್ ಫ್ರೇಜಿಯರ್ ಮತ್ತು ಕೀತ್ ರೇನರ್ ಇಂಥ ವಾಕ್ಯಗಳನ್ನು ಓದುವವರ ಕಣ್ಣಿನ ಚಲನೆಯನ್ನೇ ಅಳೆದರು. ಗುಟ್ಟು ಬಯಲಾಗುವ ಶಬ್ದದ ಮೇಲೆ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತಿತ್ತು, ಎಷ್ಟೋ ಸಲ ಹಿಂದಕ್ಕೂ ಓಡುತ್ತಿತ್ತು. ಅಂದರೆ ಓದುಗ ಆಗಲೇ ಒಂದು ರಚನೆಯನ್ನು ಕಟ್ಟಿಬಿಟ್ಟಿದ್ದ, ಈಗ ಅದನ್ನು ಬಿಚ್ಚಬೇಕಾಗಿತ್ತು.

ಇಂಗ್ಲಿಷಿನಲ್ಲಿ ಕ್ರಿಯಾಪದ ಬೇಗ ಬರುತ್ತದೆ, ಆದ್ದರಿಂದ ಈ ಆತುರ. ಕನ್ನಡದಲ್ಲಿ ಅದು ಕೊನೆಗೆ ಬರುವುದರಿಂದ ನಾವು ಪೂರ್ತಿ ಕೇಳಿ ಆಮೇಲೆ ಅರ್ಥ ಮಾಡಿಕೊಳ್ಳುತ್ತೇವೆ ಎಂದು ಯಾರಾದರೂ ವಾದಿಸಬಹುದು. ಅಜ್ಜನ ವಾಕ್ಯ ಆ ವಾದವನ್ನು ಮುರಿಯುತ್ತದೆ. ಕಾಯುವ ಮನಸ್ಸು ಎಡವಲು ಸಾಧ್ಯವೇ ಇಲ್ಲ. ನಾವು ಎಡವುತ್ತೇವೆ, ಆದ್ದರಿಂದ ನಾವು ಕಾಯುತ್ತಿಲ್ಲ.

ಎಡವುವುದಕ್ಕೆ ಕಾರಣ ‘ಹೊಡೆದ’ ಎಂಬ ರೂಪ. ಅದು ‘ಹೊಡೆದನು’ ಎಂಬುದರ ಮೊಟಕು. ಶಾಲೆಯ ವ್ಯಾಕರಣ ಕೃದಂತನಾಮ ಎನ್ನುವ, ಮುಂದಿನ ನಾಮಪದಕ್ಕೆ ಅಂಟಿಕೊಳ್ಳುವ ರೂಪವೂ ಅದೇ. ಎರಡರಲ್ಲಿ ಮನಸ್ಸು ಮೊದಲನೆಯದನ್ನು ಹಿಡಿಯುತ್ತದೆ: ಕರ್ತೃ ಸಿಕ್ಕಿದ, ಕ್ರಿಯೆ ಸಿಕ್ಕಿತು, ವಾಕ್ಯ ಮುಗಿಯಿತು.

ಆದರೆ ಎಲ್ಲ ತಪ್ಪಿಗೂ ಒಂದೇ ದಂಡವಿಲ್ಲ. ‘ಅಜ್ಜ ಎತ್ತಿಗೆ ಹೊಡೆದ ಬಾರಕೋಲು ಮುರಿಯಿತು’ ಎಂಬುದನ್ನು ಓದಿ ನೋಡಿ. ಇಲ್ಲಿಯೂ ಮುಗಿಯಿತೆಂದುಕೊಂಡ ವಾಕ್ಯ ಮುಗಿದಿರುವುದಿಲ್ಲ, ಆದರೂ ಓದು ಹೆಚ್ಚುಕಡಿಮೆ ಸರಾಗ. ಯಾಕೆಂದರೆ ಹೊಡೆದವನು ಅಜ್ಜನೇ ಆಗಿ ಉಳಿದ. ಕಟ್ಟಿದ ರಚನೆಯನ್ನು ಹಾಗೆಯೇ ಎತ್ತಿ ಬಾರಕೋಲಿನ ಮುಂದೆ ಇಟ್ಟರೆ ಸಾಕು. ಹುಡುಗನ ವಾಕ್ಯದಲ್ಲಿ ಅಜ್ಜನನ್ನು ಆ ರಚನೆಯಿಂದ ಕಿತ್ತು, ಇನ್ನೂ ಬಾರದ ‘ಬೈದ’ಕ್ಕೆ ಕಟ್ಟಬೇಕು. ನೋವು ಇರುವುದು ಆ ಕೀಳುವಿಕೆಯಲ್ಲಿ. ಮನಸ್ಸು ಶಬ್ದಗಳನ್ನು ಸಾಲಾಗಿ ಪೋಣಿಸುತ್ತಿಲ್ಲ, ಯಾರು ಯಾರಿಗೆ ಏನು ಮಾಡಿದರೆಂಬ ಸಂಬಂಧಗಳನ್ನು ಬೆಸೆಯುತ್ತಿದೆ ಎಂದು ನಾನು ಹೇಳುವುದು ಇದರಿಂದಲೇ.

ಈಗ ಅಜ್ಜನ ಜಾಗದಲ್ಲಿ ಅಜ್ಜಿಯನ್ನು ತನ್ನಿ: ‘ಅಜ್ಜಿ ಎತ್ತಿಗೆ ಹೊಡೆದ ಹುಡುಗನನ್ನು ಬೈದಳು.’ ಎಡವುವುದು ಬಹಳ ಕಡಿಮೆ. ‘ಅಜ್ಜಿ’ ಎಂದೊಡನೆ ಮನಸ್ಸು ‘-ಳು’ ಪ್ರತ್ಯಯಕ್ಕಾಗಿ ಕಾದಿರುತ್ತದೆ. ‘ಹೊಡೆದ’ ಬಂದಾಗ ಅದು ಸಿಗದ್ದರಿಂದ ವಾಕ್ಯಕ್ಕೆ ಬಾಗಿಲು ಹಾಕುವುದಿಲ್ಲ. ಅಜ್ಜಿಯೇ ಹೊಡೆದಿರಬಹುದು ಎಂಬ ಗುಮಾನಿ ಇನ್ನೂ ಉಳಿದಿರುತ್ತದೆ, ಬಾರಕೋಲಿನಂಥದ್ದೇನಾದರೂ ಮುಂದೆ ಬರಬಹುದಲ್ಲ. ಆದರೆ ಅದು ಗುಮಾನಿಯಷ್ಟೇ, ತೀರ್ಪಲ್ಲ. ‘ಅಜ್ಜನವರು’ ಎಂದು ಗೌರವದಿಂದ ಕರೆದರೂ ಇದೇ ರಕ್ಷಣೆ ಸಿಗುತ್ತದೆ, ಆಗ ‘-ರು’ ಬೇಕಾಗುತ್ತದೆ. ಏಕವಚನದ ಪುರುಷನೊಬ್ಬನೇ ನಮ್ಮನ್ನು ದಾರಿ ತಪ್ಪಿಸುವವನು, ಅದೂ ಭೂತಕಾಲದಲ್ಲಿ.

ಹಳಗನ್ನಡಕ್ಕೆ ಈ ತೊಡಕು ಇರಲಿಲ್ಲ. ಬಂಕಾಪುರ, ಹಾನಗಲ್ಲುಗಳ ಶಾಸನಗಳ ಕಾಲದ ಭಾಷೆಯಲ್ಲಿ ‘ಬಂದಂ’ ಎಂದರೆ ಬಂದನು. ‘ಬಂದ’ ಎಂದರೆ ಮುಂದೆ ಇನ್ನೇನೋ ಇದೆ. ಒಂದು ಸೊನ್ನೆ ಎರಡನ್ನೂ ಬೇರೆಯಾಗಿಟ್ಟಿತ್ತು. ಆಮೇಲೆ ‘ಬಂದನು’ ಆ ಕೆಲಸ ಮಾಡಿತು. ‘-ನು’ ಕೂಡ ಸವೆದಮೇಲೆ ಮಾತಿನಲ್ಲಿ ಧ್ವನಿ ಆ ಹೊಣೆ ಹೊತ್ತಿತು: ನಮ್ಮೂರಲ್ಲಿ ‘ಅಜ್ಜ’ ಎಂದು ಒಂದು ಚಣ ತಡೆದು ‘ಎತ್ತಿಗೆ ಹೊಡದ ಹುಡುಗಗ’ ಎಂಬುದನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಯಾರಿಗೂ ಗೊಂದಲವಿಲ್ಲ. ಬರಹದಲ್ಲಿ ಆ ತಡೆಯೂ ಇಲ್ಲ, ಸೊನ್ನೆಯೂ ಇಲ್ಲ.

ಮರುಓದಿನಲ್ಲಿ ಸರಿಹೋಗುತ್ತದಲ್ಲ ಎನ್ನಬಹುದು. ಪೂರ್ತಿ ಸರಿಹೋಗುವುದಿಲ್ಲ. ಕೀಲ್ ಕ್ರಿಶ್ಚಿಯನ್ಸನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಇಂಗ್ಲಿಷ್ ವಾಕ್ಯವಿತ್ತು. ಅದರಲ್ಲಿ ಆನಾ ತಾನು ಬಟ್ಟೆ ತೊಡುತ್ತಿರುತ್ತಾಳೆ, ಮಗು ಆಡುತ್ತಿರುತ್ತದೆ. ಓದುತ್ತ ಹೋಗುವಾಗ ಮಾತ್ರ ಅವಳು ಮಗುವಿಗೆ ತೊಡಿಸುತ್ತಿದ್ದಾಳೆ ಎನಿಸುತ್ತದೆ. ಮಗು ಆಡುತ್ತಿತ್ತೆಂದು ಸರಿಯಾಗಿ ತಿಳಿದುಕೊಂಡವರೂ, ಆನಾ ಮಗುವಿಗೆ ಬಟ್ಟೆ ತೊಡಿಸಿದಳೇ ಎಂಬ ಪ್ರಶ್ನೆಗೆ ಎಷ್ಟೋ ಸಲ ಹೌದೆಂದರು. ಹೊಸ ರಚನೆ ಎದ್ದಮೇಲೂ ಹಳೆಯದರ ಅರ್ಥ ಅಳಿದಿರಲಿಲ್ಲ.

ಆದ್ದರಿಂದಲೇ ‘ಕಾವಲುಗಾರ ಹತ್ತಿ ಕದ್ದ ಯುವಕನನ್ನು ಹಿಡಿದ’ ಎಂಬ ಸುದ್ದಿವಾಕ್ಯವನ್ನು ನಾನು ಬರಿ ಶೈಲಿಯ ದೋಷವೆಂದು ಬಿಡಲಾರೆ. ಅರೆಕ್ಷಣವಾದರೂ ಒಬ್ಬ ನಿರಪರಾಧಿ ಕಳ್ಳನಾದ, ಆ ಕಲೆ ಓದುಗನ ಮನಸ್ಸಿನಲ್ಲಿ ಉಳಿದರೂ ಉಳಿಯಬಹುದು. ಕನ್ನಡದ ಪದಕ್ರಮ ಸಡಿಲವಾಗಿರುವುದರಿಂದ ಇದನ್ನು ತಪ್ಪಿಸುವುದು ಸುಲಭ: ‘ಹತ್ತಿ ಕದ್ದ ಯುವಕನನ್ನು ಕಾವಲುಗಾರ ಹಿಡಿದ.’ ‘ಕದ್ದ’ ಬರುವ ಹೊತ್ತಿಗೆ ಕಳ್ಳತನ ಹೊರಿಸಲು ಅಲ್ಲಿ ಯಾರೂ ಇರುವುದಿಲ್ಲ.